ಛೇದದ ಕರಣಿ, ಮೂಲದೊಳಗಿನ ಮೂಲ: ಎರಡನ್ನೂ ನಿರ್ಧರಿಸುವ ಒಂದೇ ಗುಣಲಬ್ಧ

ಪ್ರಶ್ನೆ: ಸರ್, ನಾನು ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಕಳೆದ ವಾರ 1/√(2 − √3) ಅನ್ನು ಸರಳೀಕರಿಸಿ ಎಂದು ಕೊಟ್ಟಿದ್ದೆ. ಒಬ್ಬ ಹುಡುಗಿ √(2 + √3) ಎಂದು ಬರೆದಳು. ಅಭ್ಯಾಸ ಪುಸ್ತಕದ ಹಿಂದಿನ ಉತ್ತರ (√6 + √2)/2 ಎಂದಿದೆ. ಇನ್ನೊಬ್ಬ ಛೇದವನ್ನು √2 − √√3 ಎಂದು ಬಿಡಿಸಿ ಮುಂದುವರಿದ. ಇವರಲ್ಲಿ ಯಾರಿಗೆ ಅಂಕ ಕೊಡಲಿ? ಛೇದದಲ್ಲಿ ಕರಣಿ ಉಳಿದರೆ ಉತ್ತರ ನಿಜವಾಗಿಯೂ ತಪ್ಪೇ? 1/(√5 + √3) ರಲ್ಲಿ ಮೇಲೆ ಕೆಳಗೆ √5 + √3 ರಿಂದಲೇ ಗುಣಿಸಿದರೆ ಯಾಕೆ ಆಗುವುದಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಮೂಲದೊಳಗೆ ಮೂಲ ಇದ್ದಾಗ ಅದು ಬಿಡುತ್ತದೆಯೋ ಇಲ್ಲವೋ ಎಂದು ಮೊದಲೇ ತಿಳಿಯಲು ದಾರಿ ಇದೆಯೇ?

ಉತ್ತರ: ಹುಡುಗಿಯ ಉತ್ತರವೂ ಸರಿ, ಪುಸ್ತಕದ ಉತ್ತರವೂ ಸರಿ, ಎರಡೂ ಒಂದೇ ಸಂಖ್ಯೆ, ಸುಮಾರು 1.93185. ಹುಡುಗನದು ಮಾತ್ರ ತಪ್ಪು. ಅವನ ಛೇದದ ಬೆಲೆ ಸುಮಾರು 0.09814, ಅದರ ವಿಲೋಮ 10.19ರ ಹತ್ತಿರ ಬರುತ್ತದೆ. ಅಂದರೆ ಅವನ ಉತ್ತರ ನಿಜವಾದ ಬೆಲೆಯ ಐದು ಪಟ್ಟಿಗಿಂತಲೂ ಹೆಚ್ಚು. ಮೊತ್ತದ ಅಥವಾ ವ್ಯತ್ಯಾಸದ ವರ್ಗಮೂಲವನ್ನು ಪದಪದಕ್ಕೆ ಹಂಚುವ ಈ ತಪ್ಪನ್ನು ಕೋಲಾರದಲ್ಲಿ ಪಿಯು ತರಗತಿಗಳಿಗೆ ಪಾಠ ಹೇಳುತ್ತಿದ್ದಾಗಲೂ ನಾನು ತಿದ್ದಬೇಕಾಗುತ್ತಿತ್ತು. ನಿಯಮವನ್ನು ಮತ್ತೆ ಮತ್ತೆ ಹೇಳುವುದಕ್ಕಿಂತ √(9 + 16) ಎಷ್ಟು ಎಂದು ಕೇಳುವುದು ಫಲ ಕೊಡುತ್ತದೆ. ಹಂಚಿದರೆ 3 + 4, ಅಂದರೆ 7. ಕೂಡಿ ಮೂಲ ತೆಗೆದರೆ 5. ಒಮ್ಮೆ ತಾವೇ ಮಾಡಿ ನೋಡಿದ ಮಕ್ಕಳಿಗೆ ಮೂಲಚಿಹ್ನೆಯು ಗುಣಾಕಾರ ಮತ್ತು ಭಾಗಾಕಾರವನ್ನು ಹಂಚುತ್ತದೆ, ಕೂಡುವುದನ್ನೂ ಕಳೆಯುವುದನ್ನೂ ಹಂಚುವುದಿಲ್ಲ ಎಂಬುದು ನೆನಪಿನಲ್ಲಿ ಉಳಿಯುತ್ತದೆ.

ಛೇದದಲ್ಲಿ ಕರಣಿ ಇದ್ದರೆ ತಪ್ಪು ಎಂಬ ಮಾತು ಗಣಿತದ ನಿಯಮವಲ್ಲ. 1/√2 ಮತ್ತು √2/2 ಒಂದೇ ಸಂಖ್ಯೆಯ ಎರಡು ಬರಹಗಳು. ಪ್ರಥಮ ಪಿಯು ಪಠ್ಯಪುಸ್ತಕದಲ್ಲಿಯೇ sin 15° ಬೆಲೆಯನ್ನು (√3 − 1)/(2√2) ಎಂದು, ಛೇದದಲ್ಲಿ ಕರಣಿಯನ್ನು ಹಾಗೆಯೇ ಬಿಟ್ಟು ಕೊಟ್ಟಿದ್ದಾರೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಈ ರೂಢಿಗೆ ಗಟ್ಟಿಯಾದ ಕಾರಣವಿತ್ತು. 1/√2ರ ದಶಮಾಂಶ ಬೇಕಾದರೆ 1ನ್ನು 1.41421ರಿಂದ ದೀರ್ಘ ಭಾಗಾಕಾರ ಮಾಡಬೇಕು. √2/2 ಎಂದು ಬರೆದುಕೊಂಡರೆ 1.41421ನ್ನು ಬಾಯಲ್ಲೇ ಅರ್ಧ ಮಾಡಿ 0.70711 ಎನ್ನಬಹುದು.

ಆ ಕಾರಣ ಇಂದು ಸವೆದುಹೋಗಿದ್ದರೂ ಇನ್ನೊಂದು ಹಾಗೆಯೇ ಉಳಿದಿದೆ. ಛೇದಗಳನ್ನೆಲ್ಲ ಭಾಗಲಬ್ಧ ಸಂಖ್ಯೆಗಳಾಗಿ ಮಾಡಿಕೊಂಡಾಗ ಮಾತ್ರ ಯಾವ ಪದ ಯಾವುದರೊಂದಿಗೆ ಕೂಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. 1/√3 + √12 ನೋಡಿದರೆ ಎರಡು ಬೇರೆ ಬೇರೆ ವಸ್ತುಗಳಂತೆ ತೋರುತ್ತದೆ. √3/3 + 2√3 ಎಂದು ಬರೆದ ಕೂಡಲೇ ಅದು 7√3/3 ಎಂದು ತಿಳಿಯುತ್ತದೆ. ಆದ್ದರಿಂದ ಪ್ರಶ್ನೆಯಲ್ಲಿ ಛೇದವನ್ನು ಅಕರಣೀಕರಿಸಿ ಎಂದಿದ್ದರೆ ಆ ಕೆಲಸ ಮಾಡದ ಉತ್ತರಕ್ಕೆ ಅಂಕ ಕಳೆಯುವುದು ನ್ಯಾಯ. ಹಾಗೆ ಕೇಳಿರದಿದ್ದರೆ ಅದನ್ನು ತಪ್ಪು ಎಂದು ಕೆಂಪು ಗೀಟು ಎಳೆಯುವುದು ನನಗೆ ಸರಿ ಕಾಣುವುದಿಲ್ಲ.

ಅಕರಣೀಕರಿಸಿದ ರೂಪವೇ ಯಾವಾಗಲೂ ಮೇಲು ಎಂಬುದೂ ಪೂರ್ತಿ ನಿಜವಲ್ಲ. √101ರ ಬೆಲೆಯನ್ನು ಎರಡು ದಶಮಾಂಶಕ್ಕೆ 10.05 ಎಂದು ಇಟ್ಟುಕೊಂಡು 1/(√101 − 10) ಅನ್ನು ನೇರವಾಗಿ ಲೆಕ್ಕ ಮಾಡಿದರೆ 1/0.05, ಅಂದರೆ 20 ಬರುತ್ತದೆ. ಅಕರಣೀಕರಿಸಿದರೆ ಅದು √101 + 10 ಆಗುತ್ತದೆ, ಬೆಲೆ 20.05. ನಿಜವಾದ ಬೆಲೆ 20.04988ರಷ್ಟು. ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ ಮುಂದಿನ ಅಂಕಿಗಳೆಲ್ಲ ಹೊಡೆದುಹೋಗಿ, ದುಂಡಾಗಿಸಿದಾಗ ಉಂಟಾದ ದೋಷವೇ ದೊಡ್ಡದಾಗಿ ಉಳಿಯುತ್ತದೆ. ಅಕರಣೀಕರಣ ಇಲ್ಲಿ ಆ ಕಳೆಯುವಿಕೆಯನ್ನೇ ತಪ್ಪಿಸಿತು. ಆದರೆ 1/(√101 + 10) ತೆಗೆದುಕೊಂಡರೆ ಕಥೆ ತಿರುಗುಮುರುಗು. ಹಾಗೆಯೇ ಬಿಟ್ಟರೆ 1/20.05, ಅಂದರೆ 0.04988 ಎಂಬ ಒಳ್ಳೆಯ ಬೆಲೆ ಸಿಗುತ್ತದೆ. ಅಕರಣೀಕರಿಸಿ √101 − 10 ಮಾಡಿದರೆ ಬರೀ 0.05 ಉಳಿಯುತ್ತದೆ. ಉತ್ತರವನ್ನು ಕರಣಿಯ ರೂಪದಲ್ಲೇ ಇಡುವವರೆಗೆ ಈ ಭಯವಿಲ್ಲ; ದಶಮಾಂಶಕ್ಕೆ ಇಳಿಯುವಾಗ ಮಾತ್ರ ಕಳೆಯುವ ಚಿಹ್ನೆ ಎಲ್ಲಿದೆ ಎಂದು ನೋಡಿಕೊಳ್ಳಬೇಕು.

ಈಗ ಎರಡು ಪದಗಳ ಛೇದಕ್ಕೆ ಬರೋಣ. ಒಂದೇ ಪದದ √5 ಅನ್ನು √5 ರಿಂದ ಗುಣಿಸಿದರೆ 5 ಬರುತ್ತದೆ. ಅದನ್ನು ಕಂಡ ಮಕ್ಕಳು √5 + √3 ಅನ್ನೂ ಅದರಿಂದಲೇ ಗುಣಿಸಿದರೆ ಆಯಿತೆಂದು ಭಾವಿಸುವುದು ಸಹಜವೇ. ಹಾಗೆ ಗುಣಿಸಿದರೆ 5 + 3 + 2√15, ಅಂದರೆ 8 + 2√15 ಬರುತ್ತದೆ. ಎರಡು ಕರಣಿಗಳು ಹೋದವು ನಿಜ, ಆದರೆ ಅವೆರಡರ ಗುಣಲಬ್ಧದಿಂದ ಹುಟ್ಟಿದ ನಡುವಿನ ಪದ ಹೊಸ ಕರಣಿಯಾಗಿ ನಿಂತಿತು. ಅದನ್ನು ತೊಲಗಿಸಬೇಕಾದರೆ ಅದು ಒಮ್ಮೆ ಧನವಾಗಿ, ಒಮ್ಮೆ ಋಣವಾಗಿ ಬಂದು ತಾನಾಗಿಯೇ ಹೊಡೆದುಹೋಗಬೇಕು. ಅದಕ್ಕೆ ಬೇಕಾದದ್ದು ನಡುವಿನ ಚಿಹ್ನೆಯನ್ನಷ್ಟೇ ಬದಲಿಸಿದ ಜೋಡಿ, ಅಂದರೆ √5 − √3. ಆಗ ಛೇದ 5 − 3 = 2 ಆಗುತ್ತದೆ, ಅಂಶದಲ್ಲಿ √5 − √3 ಉಳಿಯುತ್ತದೆ, ಉತ್ತರ (√5 − √3)/2. ಪರೀಕ್ಷಿಸಬೇಕೆನಿಸಿದರೆ ಮೂಲ ರೂಪಕ್ಕೂ ಇದಕ್ಕೂ ಕ್ಯಾಲ್ಕುಲೇಟರ್‌ನಲ್ಲಿ 0.25201 ಬರುತ್ತದೆ.

ಇಲ್ಲಿ ಒಂದು ಜಾಗದಲ್ಲಿ ಮಕ್ಕಳು ಎಡವುವುದನ್ನು ಗಮನಿಸಿ. ಕೆಲವರು ಜೋಡಿಯನ್ನು √3 − √5 ಎಂದು ಬರೆದುಕೊಳ್ಳುತ್ತಾರೆ. ಅದೂ ನಡೆಯುತ್ತದೆ, ಆದರೆ ಛೇದ 3 − 5 = −2 ಆಗುತ್ತದೆ. ಆ ಋಣ ಚಿಹ್ನೆಯನ್ನು ಮುಂದಿನ ಸಾಲಿಗೆ ತರಲು ಮರೆತರೆ (√3 − √5)/2 ಎಂಬ ಋಣ ಸಂಖ್ಯೆ ಉತ್ತರವಾಗಿ ಕುಳಿತುಕೊಳ್ಳುತ್ತದೆ. ಧನ ಸಂಖ್ಯೆಗಳ ಮೊತ್ತದ ವಿಲೋಮ ಋಣವಾಗುವುದು ಸಾಧ್ಯವೇ ಇಲ್ಲವಾದ್ದರಿಂದ, ಉತ್ತರ ಬರೆದ ಮೇಲೆ ಅದರ ಚಿಹ್ನೆಯನ್ನು ಅಂದಾಜಿಸಿ ನೋಡುವ ಅಭ್ಯಾಸವಿರುವ ಹುಡುಗರಿಗೆ ಈ ತಪ್ಪು ತಾವೇ ಹಿಡಿಯುವಂಥದ್ದು.

ನಿಮ್ಮ ಲೆಕ್ಕದಲ್ಲಿ ಹುಡುಗಿ ಮಾಡಿರುವುದೂ ಇದೇ ಕೆಲಸ, ಮೂಲಚಿಹ್ನೆಯೊಳಗೆ ಮಾಡಿದ್ದಾಳೆ ಅಷ್ಟೇ. ಅಂಶ ಮತ್ತು ಛೇದ ಎರಡನ್ನೂ √(2 + √3) ರಿಂದ ಗುಣಿಸಿದರೆ ಛೇದದಲ್ಲಿ √((2 − √3)(2 + √3)) ಆಗುತ್ತದೆ. ಒಳಗಿನ ಗುಣಲಬ್ಧ 4 − 3 = 1, ಅದರ ಮೂಲವೂ 1, ಹೀಗಾಗಿ ಛೇದ ಕರಗಿ √(2 + √3) ಉಳಿಯಿತು. ಅಕರಣೀಕರಣದ ಮಟ್ಟಿಗೆ ಅವಳ ಕೆಲಸ ಮುಗಿದಿದೆ. ಉಳಿದಿರುವುದು ಮೂಲದೊಳಗಿನ ಮೂಲವನ್ನು ಬಿಡಿಸುವುದು, ಅದು ಬೇರೆಯೇ ಕೆಲಸ. ಆದರೆ ಅದು ಸಾಧ್ಯವೇ ಎಂದು ಹೇಳುವುದೂ ಈಗ ತಾನೇ ಕಂಡ ಅದೇ ಗುಣಲಬ್ಧ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ.

√(a + √b) ಎಂಬುದು √x + √y ಎಂದು ಬಿಡುತ್ತದೆ ಎಂದಿಟ್ಟುಕೊಳ್ಳಿ. ಇಲ್ಲಿ a, b, x, y ಭಾಗಲಬ್ಧ ಧನ ಸಂಖ್ಯೆಗಳು, √b ಭಾಗಲಬ್ಧವಲ್ಲ, x ದೊಡ್ಡದು. ಎರಡೂ ಕಡೆ ವರ್ಗ ಮಾಡಿದರೆ a + √b = x + y + 2√(xy). ಕರಣಿಯಿಲ್ಲದ ಭಾಗ ಕರಣಿಯಿಲ್ಲದ ಭಾಗಕ್ಕೆ ಸಮ, ಕರಣಿಯ ಭಾಗ ಕರಣಿಯ ಭಾಗಕ್ಕೆ ಸಮ; ಆದ್ದರಿಂದ x + y = a ಮತ್ತು 4xy = b. ಮೊತ್ತದ ವರ್ಗದಿಂದ 4xy ಕಳೆದರೆ ವ್ಯತ್ಯಾಸದ ವರ್ಗ ಸಿಗುತ್ತದೆ ಎಂಬುದು ಮಕ್ಕಳಿಗೆ ಗೊತ್ತಿರುವ ನಿತ್ಯಸಮೀಕರಣ. ಅದರಂತೆ (x − y)² = a² − b. x, y ಭಾಗಲಬ್ಧವಾಗಿರಬೇಕಾದರೆ ಅವುಗಳ ವ್ಯತ್ಯಾಸವೂ ಭಾಗಲಬ್ಧವಾಗಿರಬೇಕು, ಅಂದರೆ a² − b ಪೂರ್ಣವರ್ಗವಾಗಿರಬೇಕು. ಅದು ಭಿನ್ನರಾಶಿಯ ವರ್ಗವಾದರೂ ಆದೀತು. ಈ a² − b ಬೇರೆ ಏನೂ ಅಲ್ಲ, (a + √b)(a − √b) ಎಂಬ ನಮ್ಮ ಹಳೆಯ ಗುಣಲಬ್ಧವೇ. ಅದರ ವರ್ಗಮೂಲವನ್ನು c ಎಂದು ಕರೆದರೆ x = (a + c)/2, y = (a − c)/2.

2 + √3 ಗೆ ಇದನ್ನು ಹಚ್ಚಿದರೆ a = 2, b = 3, a² − b = 1, c = 1. ಆಗ x = 3/2, y = 1/2, ಹಾಗಾಗಿ √(2 + √3) = √(3/2) + √(1/2). ಎರಡೂ ಪದಗಳ ಛೇದದಲ್ಲಿ √2 ಬಂದು ಕುಳಿತಿದೆ, ಮತ್ತೆ ಅಕರಣೀಕರಿಸಬೇಕು: √(3/2) ಎಂದರೆ √6/2, √(1/2) ಎಂದರೆ √2/2. ಕೂಡಿದರೆ (√6 + √2)/2, ಪುಸ್ತಕದ ಉತ್ತರ. ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಈ ಎರಡೂ ವಿಧಾನಗಳಿವೆ: ಭಾಜಕದ ಒಂದು ಕರಣಿಯ ಚಿಹ್ನೆ ಬದಲಿಸಿ ಮೇಲೆ ಕೆಳಗೆ ಗುಣಿಸುವುದು, ಮತ್ತು ವರ್ಗದಿಂದ ಕರಣಿಯನ್ನು ಕಳೆದು, ಮೂಲ ತೆಗೆದು, ಕೂಡಿ ಕಳೆದು ಅರ್ಧಿಸುವುದು. ನಾವು ಇಂದು c ಎಂದು ಬರೆದು ಮಾಡುವುದು ಅದನ್ನೇ.

ಹತ್ತನೇ ತರಗತಿಯವರಿಗೆ ಸೂತ್ರ ಭಾರವೆನಿಸಿದರೆ ಅದೇ ಕೆಲಸವನ್ನು ಊಹೆಯಿಂದ ಮಾಡಿಸಬಹುದು. ಒಳಗಿನ ಕರಣಿಯ ಮುಂದೆ ಸರಿಯಾಗಿ 2 ಇರುವಂತೆ ಬರೆದುಕೊಂಡು, ಮೊತ್ತವು ಹೊರಗಿನ ಸಂಖ್ಯೆಯಾಗಿ, ಗುಣಲಬ್ಧವು ಕರಣಿಯೊಳಗಿನ ಸಂಖ್ಯೆಯಾಗಿ ಬರುವ ಎರಡು ಸಂಖ್ಯೆಗಳನ್ನು ಹುಡುಕಬೇಕು. ವರ್ಗ ಸಮೀಕರಣದ ಮಧ್ಯಪದ ಒಡೆಯುವಾಗ ಅವರು ಮಾಡುವ ಹುಡುಕಾಟವೇ ಇದು. √(7 + 4√3) ತೆಗೆದುಕೊಳ್ಳಿ. 4√3 ಅನ್ನು 2√12 ಎಂದು ಬರೆಯಬೇಕು, ಏಕೆಂದರೆ ಇನ್ನೊಂದು 2 ಕರಣಿಯೊಳಗೆ ಹೋಗುವಾಗ ವರ್ಗವಾಗಿ 4 ಆಗುತ್ತದೆ. ಮೊತ್ತ 7, ಗುಣಲಬ್ಧ 12: 4 ಮತ್ತು 3. ಉತ್ತರ √4 + √3, ಅಂದರೆ 2 + √3. ಮಕ್ಕಳು 4ನ್ನು ಹೊರಗೇ ಬಿಟ್ಟು ಗುಣಲಬ್ಧ 3 ಬರುವ ಜೋಡಿಯನ್ನು ಹುಡುಕುತ್ತಾ ಸಿಗಲಿಲ್ಲವೆಂದು ಕೈಬಿಡುವುದು, ಇಲ್ಲವೇ 2ನ್ನು ವರ್ಗ ಮಾಡದೆ ಒಳಗೆ ತೂರಿಸಿ 2√6 ಎಂದು ಬರೆದು 6 ಮತ್ತು 1 ಎಂಬ ಸುಳ್ಳು ಜೋಡಿಯನ್ನು ಹಿಡಿಯುವುದು, ಈ ಎರಡೂ ಆಗುತ್ತಿರುತ್ತವೆ. ಎರಡನೆಯದು ಹೆಚ್ಚು ಅಪಾಯದ್ದು, ಯಾಕೆಂದರೆ √6 + 1 ನೋಡಲು ಲಕ್ಷಣವಾಗಿಯೇ ಇರುತ್ತದೆ. ಉತ್ತರವನ್ನು ವರ್ಗ ಮಾಡಿಸಿದರೆ 7 + 2√6 ಬಂದು ಗುಟ್ಟು ರಟ್ಟಾಗುತ್ತದೆ.

2 + √3 ರಲ್ಲಿ ಕರಣಿಯ ಮುಂದೆ 2 ಇಲ್ಲವಲ್ಲ ಎಂದು ಅವರು ಕೇಳಿದರೆ, ಒಳಗಿರುವುದನ್ನು (4 + 2√3)/2 ಎಂದು ಬರೆಯಿಸಿ. ಮೊತ್ತ 4, ಗುಣಲಬ್ಧ 3: 3 ಮತ್ತು 1. ಮೇಲಿನ ಭಾಗದ ಮೂಲ √3 + 1, ಕೆಳಗೆ √2. (√3 + 1)/√2 ಅನ್ನು ಅಕರಣೀಕರಿಸಿದರೆ ಮತ್ತೆ (√6 + √2)/2. ಸೂತ್ರದ ದಾರಿಗಿಂತ ಇದು ನನಗೆ ಇಷ್ಟ. ಭಿನ್ನರಾಶಿಯ ಮೂಲಗಳು ನಡುವೆ ಬರುವುದಿಲ್ಲ.

ಒಳಗೆ ಕಳೆಯುವ ಚಿಹ್ನೆ ಇದ್ದರೆ ವಿಧಾನ ಬದಲಾಗುವುದಿಲ್ಲ, ಎಚ್ಚರ ಮಾತ್ರ ಹೆಚ್ಚು ಬೇಕು. √(3 − 2√2) ಗೆ ಮೊತ್ತ 3, ಗುಣಲಬ್ಧ 2, ಜೋಡಿ 2 ಮತ್ತು 1. ಇಲ್ಲಿ 1 − √2 ಎಂದು ಬರೆದು, ವರ್ಗ ಮಾಡಿ ನೋಡಿ, 3 − 2√2 ಬಂತಲ್ಲ ಎಂದು ವಾದಿಸುವ ಜಾಣರಿರುತ್ತಾರೆ. ವರ್ಗ ಸರಿಯಾಗಿ ಬರುವುದು ಸಾಲದು. √ ಚಿಹ್ನೆ ಸೂಚಿಸುವುದು ಋಣವಲ್ಲದ ಮೂಲವನ್ನು ಮಾತ್ರ. 1 − √2 ಋಣ ಸಂಖ್ಯೆ, ಆದ್ದರಿಂದ ಉತ್ತರ √2 − 1. ಆ ಕಾರಣಕ್ಕೇ ದೊಡ್ಡದನ್ನು ಮೊದಲು ಬರೆಯಬೇಕೆಂಬ ರೂಢಿಯನ್ನು ಮೊದಲ ದಿನದಿಂದಲೇ ಹಾಕಿಸುವುದು ಒಳ್ಳೆಯದು. ನಿಮ್ಮ ಲೆಕ್ಕದ ಛೇದವನ್ನೇ ನೇರವಾಗಿ ಬಿಡಿಸಿದ್ದರೂ √(2 − √3) = (√6 − √2)/2 ಎಂದಾಗಿ, ಅದರ ವಿಲೋಮ 2/(√6 − √2), ಅಕರಣೀಕರಿಸಿದರೆ 2(√6 + √2)/4, ಅಂದರೆ ಅದೇ ಉತ್ತರ. ಮೊದಲು ಛೇದ, ಆಮೇಲೆ ಒಳಮೂಲ ಎಂಬ ಕ್ರಮವೇನೂ ಕಡ್ಡಾಯವಲ್ಲ.

ಗುಣಲಬ್ಧ ಪೂರ್ಣವರ್ಗವಾಗದಿದ್ದಾಗ ಏನಾಗುತ್ತದೆ ಎಂಬುದನ್ನು 1/√(3 − √2) ರಲ್ಲಿ ನೋಡಿ. ಜೋಡಿಯಿಂದ ಗುಣಿಸಿದರೆ √(3 + √2)/√7 ಆಗುತ್ತದೆ, ಯಾಕೆಂದರೆ 9 − 2 = 7. ಈ √7 ಅನ್ನು ಇನ್ನೊಮ್ಮೆ ಗುಣಿಸಿ ತೆಗೆದರೆ √(21 + 7√2)/7. ಛೇದ ಶುದ್ಧವಾಯಿತು, ಆದರೆ ಅಂಶದಲ್ಲಿರುವ ಮೂಲದೊಳಗಿನ ಮೂಲ ಕದಲುವುದಿಲ್ಲ. ಅದನ್ನು ಭಾಗಲಬ್ಧ ಸಂಖ್ಯೆಗಳ ಎರಡು ವರ್ಗಮೂಲಗಳ ಮೊತ್ತವಾಗಿ ಬರೆಯುವುದು ಸಾಧ್ಯವೇ ಇಲ್ಲ. ಇಂಥ ಛೇದದಿಂದ ಕರಣಿಯನ್ನು ತೆಗೆಯುವುದು ಯಾವಾಗಲೂ ಆಗುವ ಕೆಲಸ, ಒಳಮೂಲವನ್ನು ಬಿಡಿಸುವುದು ಅದೃಷ್ಟವಿದ್ದಾಗ ಮಾತ್ರ. ಹಾಗಾಗಿ ಬಿಡದ ಒಳಮೂಲವನ್ನು ಹಾಗೆಯೇ ಉಳಿಸಿ ಬರೆದ ಉತ್ತರ ಪೂರ್ಣ ಉತ್ತರವೇ.

ಆಸಕ್ತಿಯ ಮಕ್ಕಳಿದ್ದರೆ √(4 + 3√2) ಅನ್ನೂ ತೋರಿಸಬಹುದು. ಇಲ್ಲಿ 16 − 18 = −2, ಋಣ ಸಂಖ್ಯೆ, ಆದ್ದರಿಂದ ಮೇಲಿನ ದಾರಿ ಮುಚ್ಚಿದೆ. ಆದರೆ ಒಳಗಿನಿಂದ √2 ಅನ್ನು ಹೊರಗೆಳೆದರೆ √2(3 + 2√2) ಆಗಿ, ಮೂಲ ತೆಗೆದಾಗ ⁴√2 (1 + √2) ಸಿಗುತ್ತದೆ. ನಾಲ್ಕನೆಯ ಮೂಲಕ್ಕೆ ಜಾಗ ಕೊಟ್ಟರೆ ಇನ್ನಷ್ಟು ಬಾಗಿಲು ತೆರೆಯುತ್ತವೆ; ಪ್ರೌಢಶಾಲೆಯ ಪರೀಕ್ಷೆಗೆ ಇದು ಬೇಕಿಲ್ಲ.

ಇನ್ನು ಅಂಕದ ವಿಷಯ. ಪ್ರಶ್ನೆ ಬರೀ ಛೇದವನ್ನು ಅಕರಣೀಕರಿಸಿ ಎಂದಿದ್ದರೆ ನಾನು ಆ ಹುಡುಗಿಗೆ ಪೂರ್ಣ ಅಂಕ ಕೊಡುತ್ತೇನೆ. ಸರಳೀಕರಿಸಿ ಎಂದಿರುವುದರಿಂದ ಒಳಮೂಲ ಬಿಡಿಸುವ ಹಂತಕ್ಕೆ ಮೀಸಲಿಟ್ಟ ಅಂಕವನ್ನಷ್ಟೇ ಹಿಡಿದು, ಉತ್ತರದ ಪಕ್ಕದಲ್ಲಿ ಸರಿ ಎಂದೇ ಬರೆಯುತ್ತೇನೆ. ಹುಡುಗನಿಗೆ ಮೊದಲ ಸಾಲಿನಲ್ಲೇ ಅಂಕ ನಿಲ್ಲುತ್ತದೆ, ಏಕೆಂದರೆ ಆ ಸಾಲಿನ ನಂತರ ಅವನು ಬೇರೆ ಯಾವುದೋ ಸಂಖ್ಯೆಯ ಲೆಕ್ಕ ಮಾಡುತ್ತಿದ್ದಾನೆ.

ಮುಂದಿನ ಸಲ ಇಂಥ ಲೆಕ್ಕಗಳನ್ನು ನೀವೇ ತಯಾರಿಸುವಾಗ ಉತ್ತರದಿಂದ ಹಿಂದಕ್ಕೆ ಬನ್ನಿ. √7 − √2 ಎಂದು ಮೊದಲೇ ನಿಶ್ಚಯಿಸಿಕೊಂಡು ವರ್ಗ ಮಾಡಿದರೆ 9 − 2√14 ಬರುತ್ತದೆ, ಅದರ ಮೂಲವನ್ನು ಕೇಳಿ; a² − b ಇಲ್ಲಿ 81 − 56 = 25. ಅದರ ಪಕ್ಕದಲ್ಲೇ √(9 − 2√13) ಅನ್ನೂ ಇಡಿ. ನೋಡಲು ಮೊದಲನೆಯದರ ತಮ್ಮನಂತೆ ಕಂಡರೂ 81 − 52 = 29 ಪೂರ್ಣವರ್ಗವಲ್ಲ, ಆದ್ದರಿಂದ ಅದು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟು, ಬಿಡಿಸುವುದಕ್ಕೂ ಮೊದಲು ಯಾವುದು ಬಿಡುತ್ತದೆ ಎಂದು ಕಾರಣ ಸಹಿತ ಬರೆಯಲು ಹೇಳಿ.